ಬಲ ಮೊಣಕಾಲಿಗೆ ಬರಬೇಕಾಗಿದ್ದ ಚೆಂಡು

ಬನ್ನಿ, ಹಗ್ಗ ದಾಟಿ ಒಳಗೆ ಬನ್ನಿ. ಈಗ ನಿಮ್ಮನ್ನು ತಡೆಯುವಷ್ಟು ವ್ಯವಧಾನ ಇಲ್ಲಿ ಯಾರಿಗೂ ಇಲ್ಲ. ಎರಡೇ ಚೆಂಡು ಬಾಕಿ, ಮೂರು ರನ್ ಬೇಕು. ಅಲ್ಲಿ ದಕ್ಷಿಣದ ಕಡೆಯ ವಿಕೆಟ್ಟಿನ ಹಿಂದೆ ಬಿಳಿ ಅಂಗಿ ತೊಟ್ಟು, ಅಂಚು ಹರಿದ ಟೋಪಿ ಹಾಕಿ ನಿಂತಿದ್ದಾರಲ್ಲ, ಅವರ ಬೆನ್ನ ಹಿಂದೆ ಎರಡು ಮಾರು ಬಿಟ್ಟು ನಿಲ್ಲಿ. ಅವರಿಗೆ ಕಂಡದ್ದೆಲ್ಲ ನಿಮಗೂ ಕಾಣಬೇಕು. ಮುಂದೆ ಆಗುವುದಕ್ಕೆ ಅವರನ್ನು ಬಿಟ್ಟರೆ ಸಾಕ್ಷಿ ನೀವೊಬ್ಬರೇ.

ಇದು ನಂಗವಳ್ಳಿ. ಸೇಲಂ ಜಿಲ್ಲೆ, ಮೆಟ್ಟೂರಿನ ಸೀಮೆ. ನೀವು ನಿಂತಿರುವುದು ಬತ್ತಿದ ಕೆರೆಯ ಅಂಗಳ. ಮಳೆಗಾಲ ಚೆನ್ನಾಗಿ ಹಿಡಿದರೆ ಇದೇ ಜಾಗದಲ್ಲಿ ಎಮ್ಮೆಗಳು ಈಜುತ್ತವೆ, ಈಗ ನೆಲ ಬಿರುಕು ಬಿಟ್ಟು ಕೆಂಪಗೆ ಒಣಗಿದೆ. ಏರಿಯ ಮೇಲೆ ಸೀಮೆಜಾಲಿ, ಅದರ ಆಚೆ ತೆಂಗಿನ ಸಾಲು, ಅದಕ್ಕೂ ಆಚೆ ಗುಡಿಯ ಗೋಪುರ. ಲಕ್ಷ್ಮೀನರಸಿಂಹನಿಗೂ ಸೋಮೇಶ್ವರನಿಗೂ ಒಂದೇ ಗುಡಿ ಇಲ್ಲಿ. ಜಗಳ ಬಂದಾಗ ಆಣೆ ಮಾಡಲು ಬೇರೆ ಬೇರೆ ಕಡೆ ಓಡಬೇಕಾಗಿಲ್ಲ ಎಂದು ಊರವರೇ ನಗುತ್ತಾರೆ. ಊರೊಳಗಿನಿಂದ ಪವರ್‌ಲೂಮಿನ ಸದ್ದು ಬಿಡದೆ ಬರುತ್ತಿದೆ. ಹೊಸಬರಿಗೆ ಅದು ಕಿವಿಗೆ ಬಡಿಯುತ್ತದೆ, ಊರವರಿಗೆ ನಿಂತಾಗ ಮಾತ್ರ ಗೊತ್ತಾಗುತ್ತದೆ.

ಆಡಿ ತಿಂಗಳು. ಹದಿನೆಂಟನೆಯ ದಿನದ ಹಬ್ಬಕ್ಕೆ ಮೆಟ್ಟೂರಿಗೆ ಹೋಗಿ ಕಾವೇರಿಯಲ್ಲಿ ಮಿಂದು ಬಂದವರೆಲ್ಲ ಈ ಭಾನುವಾರ ಕೆರೆ ಏರಿಯ ಮೇಲೆ ಸೇರಿದ್ದಾರೆ. ಟೂರ್ನಮೆಂಟಿನ ಫೈನಲ್. ಎದುರಾಳಿಗಳು ಓಮಲೂರು ಕಡೆಯ ಹುಡುಗರು. ಹನ್ನೆರಡು ಓವರಿನ ಆಟ, ಟೆನಿಸ್ ಚೆಂಡು. ಬಹುಮಾನ ಒಂದು ಕಪ್ಪು, ಜೊತೆಗೊಂದು ಟಗರು. ಅಗೋ, ಜಾಲಿಯ ನೆರಳಲ್ಲಿ ಕಟ್ಟಿದ್ದಾರೆ: ಪಕ್ಕದ ಮೇಚ್ಚೇರಿಯ ತಳಿ, ಕಂದು ಮೈ, ಗಿಡ್ಡ ಕೂದಲು, ಕೊಂಬಿಲ್ಲ. ಕಪ್ಪು ಯಾರ ಮನೆಯ ಅಟ್ಟ ಸೇರಿದರೂ ಚಿಂತೆಯಿಲ್ಲ, ಟಗರು ಮಾತ್ರ ಊರು ಬಿಡಬಾರದು ಎಂದು ಬೆಳಗ್ಗೆಯಿಂದ ನೂರು ಬಾಯಿ ಹೇಳಿವೆ.

ಬಿಳಿ ಅಂಗಿಯವರನ್ನು ಊರೆಲ್ಲ ‘ಅಂಪೈರ್ ಮಾವ’ ಎನ್ನುತ್ತದೆ. ಹೆಸರು ಹಿಡಿದು ಕರೆಯುವವರು ಕಡಿಮೆ, ಆದ್ದರಿಂದ ನಾವೂ ಹಾಗೇ ಕರೆಯೋಣ. ವಯಸ್ಸು ಐವತ್ತು ದಾಟಿದೆ. ಒಂದು ಕಾಲಕ್ಕೆ ಇದೇ ಟೀಮಿನ ಕೀಪರ್. ವಾರದ ಆರು ದಿನ ಪವರ್‌ಲೂಮ್ ನೋಡಿಕೊಳ್ಳುತ್ತಾರೆ. ಆ ಕೆಲಸದಲ್ಲಿ ಕಣ್ಣಿಗೆ ಒಂದೇ ಪಾಠ. ಹಾಸಿನ ಸಾವಿರಾರು ಎಳೆಗಳಲ್ಲಿ ಎಲ್ಲಿ ಒಂದು ಕಡಿಯಿತು ಎಂದು ಮಗ್ಗ ಓಡುತ್ತಿರುವಾಗಲೇ ಕಾಣಬೇಕು, ತಡವಾದರೆ ಗಜಗಟ್ಟಲೆ ಬಟ್ಟೆಯಲ್ಲಿ ಬಿರುಕು ಬೀಳುತ್ತದೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ, ಬಸ್ಸಿನಲ್ಲಿ, ಶಾಲೆಯಲ್ಲಿ ತಮಿಳು. ಈ ಸೀಮೆಯ ಬಹಳ ಮನೆಗಳ ಹಾಗೆಯೇ.

ಟೀಮಿನಲ್ಲಿಯೂ ಹಾಗೆಯೇ. ಫೀಲ್ಡಿಂಗ್ ಮಾಡುವಾಗ ನಂಗವಳ್ಳಿ ಹುಡುಗರು ಬೇಕೆಂದೇ ಕನ್ನಡದಲ್ಲಿ ಕೂಗುತ್ತಾರೆ. ನಿಧಾನದ ಚೆಂಡು ಹಾಕು, ಎಡಗಡೆ ಒಬ್ಬನನ್ನು ಹಿಂದಕ್ಕೆ ಕಳಿಸು, ಇವನಿಗೆ ಕಾಲಿನ ಬುಡಕ್ಕೆ ಹಾಕಿದರೆ ಆಗುವುದಿಲ್ಲ. ಹೊರಗಿನ ಟೀಮಿಗೆ ಒಂದೂ ಅರ್ಥವಾಗುವುದಿಲ್ಲ. ಬೆಳಗ್ಗೆಯಿಂದ ಅಂಪೈರ್ ಮಾವ ಇದನ್ನೆಲ್ಲ ಕೇಳಿಯೂ ಕೇಳದವರಂತೆ ನಿಂತಿದ್ದಾರೆ. ಅಂಪೈರ್ ಕೋಟು ಹಾಕಿದ ಮೇಲೆ ಕಿವಿ ಇರಬೇಕು, ಅರ್ಥ ಇರಬಾರದು ಎಂಬುದು ಅವರ ಲೆಕ್ಕ.

ಸೇಲಂನಿಂದ ಬರಬೇಕಾಗಿದ್ದ ಇಬ್ಬರು ಅಂಪೈರುಗಳು ಬರಲಿಲ್ಲ. ಬೆಳಗ್ಗೆ ಹತ್ತಕ್ಕೆ ಇಬ್ಬರೂ ಕ್ಯಾಪ್ಟನ್‌ಗಳು ನಿಂತು ಮಾತಾಡಿ, ಆಚೆಯಿಂದ ಒಬ್ಬರು ಈಚೆಯಿಂದ ಒಬ್ಬರು ಎಂದು ಒಪ್ಪಿಕೊಂಡರು. ಇದನ್ನು ಹಳ್ಳಿಯ ಕೊರತೆ ಎಂದು ನಗಬೇಡಿ. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ಆಡಿದ ಟೆಸ್ಟಿಗೆ ಭಾರತದ ವಿ.ಕೆ. ರಾಮಸ್ವಾಮಿ, ಪಿಲೂ ರಿಪೋರ್ಟರ್ ಅವರನ್ನು ಕರೆಸಿದ್ದೇ ಆ ಕಾಲಕ್ಕೆ ದೊಡ್ಡ ಸುದ್ದಿ. ಟೆಸ್ಟಿನಲ್ಲಿ ಇಬ್ಬರೂ ಹೊರಗಿನವರೇ ಇರಬೇಕೆಂಬ ಪದ್ಧತಿ ಬಂದದ್ದು 2002ರಲ್ಲಿ. ಅಲ್ಲಿಯವರೆಗೆ ನೂರಿಪ್ಪತ್ತು ವರ್ಷ ಜಗತ್ತಿನ ದೊಡ್ಡ ದೊಡ್ಡ ಮೈದಾನಗಳಲ್ಲೂ ಹೆಚ್ಚಾಗಿ ಮನೆಯವರೇ ನಿಂತು ಮನೆಯವರಿಗೆ ಬೆರಳೆತ್ತಬೇಕಾಗಿತ್ತು. ಕೆಲವರು ಎತ್ತಿದರು, ಕೆಲವರ ಬೆರಳು ಮೇಲೇಳಲೇ ಇಲ್ಲ.

ಈಗ ಮುಂದೆ ನೋಡಿ.

ನಿಮ್ಮ ಎಡಗಡೆ, ಸ್ಟಂಪಿನ ಪಕ್ಕದಲ್ಲಿ ಬ್ಯಾಟು ಊರಿ ನಿಂತಿರುವವನು ನಾನ್‌ಸ್ಟ್ರೈಕರ್. ನಲವತ್ತೇಳು ಹೊಡೆದಿದ್ದಾನೆ. ಅಂಪೈರ್ ಮಾವನ ಅಕ್ಕನ ಮಗ, ಅವನಿಗೆ ಇವರು ನಿಜವಾಗಿಯೂ ಮಾವ. ಅವರ ಮಗಳನ್ನು ಅವನಿಗೆ ಕೊಡುವ ಮಾತು ಎರಡೂ ಮನೆಯ ಹಜಾರದಲ್ಲಿ ಎರಡು ದೀಪಾವಳಿಯಿಂದ ಕೂತಿದೆ. ಟೀಮು ಹೇಗೆ ಇಲ್ಲಿಯವರೆಗೆ ಬಂತು ಎಂದರೆ ಇವನಿಂದಲೇ. ಆಚೆ ತುದಿಯಲ್ಲಿ ಆಡುತ್ತಿರುವವನು ಒಂಬತ್ತನೆಯವನು, ಬೌಲರ್ ಹುಡುಗ, ಕಣ್ಣು ಮುಚ್ಚಿ ಬೀಸುತ್ತಾನೆ. ಹೇಗಾದರೂ ಒಂದು ರನ್ ತೆಗೆದು ಅಳಿಯನನ್ನು ಆ ತುದಿಗೆ ಕಳಿಸಿದರೆ ಆಟ ಮುಗಿದ ಹಾಗೆ. ಅದು ಅಳಿಯನಿಗೆ ಗೊತ್ತು, ಬೌಲರಿಗೆ ಗೊತ್ತು, ಏರಿಯ ಮೇಲಿನ ಹೆಂಗಸರಿಗೂ ಗೊತ್ತು.

ಬೌಲರ್ ಎಡಗೈಯವನು. ಈ ಸೀಮೆಯಲ್ಲಿ ಎಡಗೈ ಬೌಲರುಗಳು ಇತ್ತೀಚೆಗೆ ಹೆಚ್ಚಾಗಿದ್ದಾರೆ, ಅದಕ್ಕೆ ಕಾರಣ ಹುಡುಕಿ ದೂರ ಹೋಗಬೇಕಿಲ್ಲ. ಹತ್ತಿರದ ಚಿನ್ನಪ್ಪಂಪಟ್ಟಿಯ ಟಿ. ನಟರಾಜನ್ ಇಂಥದೇ ಬಯಲುಗಳಲ್ಲಿ ಟೆನಿಸ್ ಚೆಂಡು ಎಸೆದು ಬೆಳೆದು, 2020ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಭಾರತದ ಅಂಗಿ ತೊಟ್ಟರು, 2021ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಟೆಸ್ಟ್ ಆಡಿದರು. ಆಮೇಲೆ ಸೇಲಂ ಜಿಲ್ಲೆಯ ಎಡಗೈ ಹುಡುಗರೆಲ್ಲ ಬ್ಯಾಟ್ಸ್‌ಮನ್ನನ ಕಾಲಬುಡವನ್ನೇ ಗುರಿ ಹಿಡಿಯಲು ಶುರುಮಾಡಿದರು. ಈ ಹುಡುಗ ಬೆಳಗ್ಗೆಯಿಂದ ಅದನ್ನೇ ಮಾಡುತ್ತಿದ್ದಾನೆ. ಅವನು ಸ್ಟಂಪಿನ ಬಲಗಡೆಯಿಂದ ಓಡಿಬರುತ್ತಾನೆ, ಅಂದರೆ ನಿಮ್ಮ ಬಲಗಡೆಯಿಂದ. ಎಸೆಯುವ ಎಡಗೈ ಸ್ಟಂಪಿನ ಕಡೆಗಿರುತ್ತದೆ. ಈ ಎಡ, ಈ ಬಲ ಎರಡನ್ನೂ ನೆನಪಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ಗಮನಿಸಿ. ಸ್ಟಂಪಿನ ಮೇಲೆ ಬೇಲ್ಸ್ ಇಲ್ಲ. ಆಡಿಯ ಗಾಳಿಗೆ ನಿಲ್ಲಲೇ ಇಲ್ಲ, ಮೂರನೆಯ ಓವರಿನಲ್ಲೇ ಇಬ್ಬರು ಅಂಪೈರುಗಳೂ ಮಾತಾಡಿಕೊಂಡು ಎರಡೂ ಕಡೆಯವನ್ನು ತೆಗೆದಿಟ್ಟರು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಹಾಗೆ ತೆಗೆದ ಮೇಲೆ ಚೆಂಡು ಸ್ಟಂಪಿಗೆ ಬಡಿಯಿತೋ ಇಲ್ಲವೋ ಎಂದು ಆ ತುದಿಯ ಅಂಪೈರ್ ಹೇಳಿದ್ದೇ ಕೊನೆ. ಅಂಪೈರ್ ಮಾವನ ಜೇಬಿನಲ್ಲಿ ಈಗ ನಾಲ್ಕು ಬೇಲ್ಸು, ಆರು ಹುಣಸೆ ಬೀಜ. ಒಂದೊಂದು ಚೆಂಡಿಗೆ ಒಂದೊಂದು ಬೀಜ ಎಡಜೇಬಿನಿಂದ ಬಲಜೇಬಿಗೆ ಹೋಗುತ್ತದೆ. ನಾಲ್ಕು ಹೋಗಿವೆ.

ಗಾಳಿ ಪಡುವಣದಿಂದ ಬೀಸುತ್ತಿದೆ. ಉತ್ತರಕ್ಕೆ ಮುಖ ಮಾಡಿ ನಿಂತ ನಿಮ್ಮ ಎಡಗೆನ್ನೆಗೆ ಧೂಳು ಚುಚ್ಚುತ್ತಿದೆಯಲ್ಲ, ಅದೇ.

ಹುಡುಗ ಓಡಿಬಂದ. ಎಡಗೈ ತಿರುಗಿತು. ಕಾಲಬುಡಕ್ಕೆ ಹಾಕಬೇಕೆಂದಿದ್ದವನು ಒಂದು ಮೊಳ ಮುಂಚೆ ಬಿಟ್ಟ. ಒಂಬತ್ತನೆಯವನು ಕಣ್ಣು ಮುಚ್ಚಿ ಬೀಸಿದ, ಅವನ ಜನ್ಮದಲ್ಲಿ ಮೊದಲ ಸಲ ಬ್ಯಾಟಿನ ನಟ್ಟನಡುವೆ ಕೂತಿತು. ಚೆಂಡು ನೇರ ಹಿಂದಕ್ಕೆ, ನೆಲದಿಂದ ಮೊಣಕಾಲೆತ್ತರಕ್ಕೆ, ನೀವು ನಿಂತ ಕಡೆಗೇ ಬರುತ್ತಿದೆ.

ಸಾಮಾನ್ಯವಾಗಿ ಚೆಂಡು ಹೊಡೆದ ಕೂಡಲೇ ಅಂಪೈರ್ ಪಕ್ಕಕ್ಕೆ ಓಡಬೇಕು, ಗೆರೆ ಅಡ್ಡಲಾಗಿ ಕಾಣುವ ಹಾಗೆ ನಿಲ್ಲಬೇಕು. ನೇರ ಬಂದರೆ ಅದಕ್ಕೆ ಸಮಯವಿಲ್ಲ, ಮೊದಲು ತನ್ನನ್ನು ಉಳಿಸಿಕೊಳ್ಳಬೇಕು. ಚೆಂಡು ಅಂಪೈರ್ ಮಾವನ ಬಲ ಮೊಣಕಾಲಿಗೆ ಬರುತ್ತಿದೆ. ಸ್ಟಂಪಿನ ಹೊರಗೆ, ಬಲಗಡೆಗೆ, ಒಂದು ಗೇಣು ಬಿಟ್ಟು. ಅವರ ಬಲಗಾಲು ತಾನಾಗಿ ನೆಲ ಬಿಟ್ಟಿತು. ನೋಡಿದಿರಾ? ಚಪ್ಪಲಿಯ ಹಿಮ್ಮಡಿ ಮೇಲೆದ್ದಿತು.

ಓಡಿಬಂದ ರಭಸದಲ್ಲಿ ಇನ್ನೂ ಬಗ್ಗಿಯೇ ಇದ್ದ ಬೌಲರ್ ಎಡಗೈ ಚಾಚಿದ. ಹಿಡಿಯಲು ಅಲ್ಲ, ಹಿಡಿಯುವಷ್ಟು ಹತ್ತಿರ ಅದು ಬರಲಿಲ್ಲ. ಬೀಳುವವನು ಗೋಡೆಗೆ ಕೈ ಚಾಚಿದ ಹಾಗೆ ಚಾಚಿದ.

ಟಕ್.

ಚೆಂಡು ಮೊಣಕಾಲಿಗೆ ಬರಲಿಲ್ಲ. ನಡು ಸ್ಟಂಪಿಗೆ ಬಡಿದು ಪಕ್ಕಕ್ಕೆ ಉರುಳಿತು. ರನ್ ಕದಿಯಲು ನಾಲ್ಕು ಹೆಜ್ಜೆ ಮುಂದೆ ಹೋಗಿದ್ದ ಅಳಿಯ ಗೆರೆಯ ಆಚೆಯೇ ನಿಂತು ಹಿಂದಿರುಗಿ ನೋಡುತ್ತಿದ್ದಾನೆ. ಬ್ಯಾಟು ಇನ್ನೂ ಗಾಳಿಯಲ್ಲಿದೆ.

ಮೈದಾನದಲ್ಲಿ ಒಂದು ಕ್ಷಣ ಯಾರೂ ಕೂಗಲಿಲ್ಲ. ಈ ಕ್ಷಣದೊಳಗೆ ಇಣುಕಿ ನೋಡಬೇಕು.

ನಿಯಮ ಹೀಗಿದೆ. ಹೊಡೆದ ಚೆಂಡು ಯಾವ ಫೀಲ್ಡರಿಗೂ ತಾಕದೆ ನೇರವಾಗಿ ಬಂದು ಈ ತುದಿಯ ಸ್ಟಂಪಿಗೆ ಬಡಿದರೆ, ನಾನ್‌ಸ್ಟ್ರೈಕರ್ ಮೈಲು ದೂರದಲ್ಲಿದ್ದರೂ ಔಟ್ ಅಲ್ಲ. ಫೀಲ್ಡರನ ಉಗುರು ತಾಕಿ ಬಂದರೂ ಸಾಕು, ರನ್ ಔಟ್. ಬೌಲರೂ ಫೀಲ್ಡರೇ. ಹಾಗಾಗಿ ಅಳಿಯ ಗೆರೆಯ ಹೊರಗಿದ್ದನೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ, ಅದನ್ನು ಏರಿಯ ಮೇಲಿನ ಕುರಿ ಕಾಯುವವನೂ ಕಂಡಿದ್ದಾನೆ. ಸ್ಟಂಪಿಗೆ ಬಡಿಯಿತೇ ಎಂಬುದೂ ಅಲ್ಲ, ಸದ್ದು ಎಲ್ಲರಿಗೂ ಕೇಳಿತು. ಉಳಿದದ್ದು ಒಂದೇ: ಆ ಬೆರಳಿಗೆ ತಾಕಿತೇ?

ತೊಗಲಿನ ಚೆಂಡಾಗಿದ್ದರೆ ಇಷ್ಟು ಕಷ್ಟವಿರಲಿಲ್ಲ. ಅದರ ತೂಕ ನೂರರವತ್ತು ಗ್ರಾಮಿನ ಹತ್ತಿರ. ಬೆರಳಿಗೆ ತಾಕಿದರೆ ಸದ್ದಾಗುತ್ತದೆ, ಬೆರಳು ಊದಿಕೊಳ್ಳುತ್ತದೆ, ಹುಡುಗ ಕೈ ಕೊಡವುತ್ತಾ ಕುಣಿಯುತ್ತಾನೆ, ಅಂಪೈರ್ ಕೇಳುವ ಮೊದಲೇ ಸಾಕ್ಷಿ ಸಿದ್ಧ. ಟೆನಿಸ್ ಚೆಂಡು ಅರವತ್ತು ಗ್ರಾಮೂ ಇಲ್ಲ. ಮೈಮೇಲೆ ನಯವಾದ ರೋಮ. ತಾಕಿದರೆ ಸದ್ದಿಲ್ಲ, ನೋವಿಲ್ಲ, ಗುರುತಿಲ್ಲ. ಆದರೆ ಹಗುರವಾದ್ದರಿಂದಲೇ ಅದು ಬೇಗ ದಾರಿ ತಪ್ಪುತ್ತದೆ. ತೊಗಲಿನ ಚೆಂಡು ಬೆರಳ ತುದಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೆ ಮುಂದೆ ಹೋಗುವ ಕಡೆ, ಇದು ಒಂದು ಗೇಣು ಸರಿಯುತ್ತದೆ.

ಮತ್ತೊಂದು ನಿಯಮವಿದೆ, ಅಂಪೈರ್ ಮಾವ ಈಗ ಅದನ್ನೇ ಹಿಡಿದು ನಿಂತಿದ್ದಾರೆ. ಯಾರೂ ಕೇಳದಿದ್ದರೆ ಅಂಪೈರ್ ಔಟ್ ಕೊಡುವಂತಿಲ್ಲ. ಬೌಲರ್ ಮುಂದಿನ ಚೆಂಡಿಗೆ ಓಟ ಶುರುಮಾಡುವವರೆಗೆ ಕೇಳಲು ಅವಕಾಶ, ಆಮೇಲೆ ಇಲ್ಲ. ಬೌಲರ್ ಹುಡುಗ ತನ್ನ ಬೆರಳನ್ನೇ ನೋಡಿಕೊಳ್ಳುತ್ತಿದ್ದಾನೆ. ಅವನಿಗೇ ಅನುಮಾನವೇನೋ. ಹಾಗೇ ತಿರುಗಿ ನಡೆದುಬಿಡಬಹುದು. ನಡೆದುಬಿಟ್ಟರೆ ಇದು ಬರೀ ಒಂದು ಚೆಂಡು, ರನ್ನಿಲ್ಲ, ಇನ್ನೊಂದು ಬಾಕಿ. ಅಂಪೈರ್ ಮಾವನ ಕೈ ಎಡಜೇಬಿನಲ್ಲಿ ಐದನೆಯ ಬೀಜವನ್ನು ಹುಡುಕುತ್ತಿದೆ. ಅವರು ಆ ಹುಡುಗ ನಡೆದುಹೋಗಲಿ ಎಂದು ಬೇಡುತ್ತಿದ್ದಾರೆ ಎಂದು ನಾನು ಹೇಳಿದರೆ ನೀವು ನಂಬಬೇಕು. ಇಷ್ಟೂ ಬೇಡದಿರಲು ಅವರೇನು ಸ್ಟಂಪೇ?

ಹುಡುಗ ತಲೆ ಎತ್ತಿದ. ಕೂಗಲಿಲ್ಲ. ಮೆಲ್ಲಗೆ ಹೇಳಿದ: “ಕೈಲ ಪಟ್ಟುಚ್ಚುಣ್ಣೇ.”

ಅಷ್ಟಾಗಿದ್ದೇ ತಡ, ಆ ತುದಿಯಿಂದ ಕೀಪರ್ “ಹೌಜ್ಯಾಟ್!” ಎಂದು ಎರಡೂ ಕೈ ಎತ್ತಿ ಓಡಿಬಂದ. ಹನ್ನೊಂದು ಜನರೂ ಕೂಗಿದರು. ಏರಿಯ ಮೇಲೆ ನಮ್ಮವರು ಅದಕ್ಕಿಂತ ಜೋರಾಗಿ ಕೂಗಿದರು. ಕೇಳಿದ್ದಾಯಿತು, ಇನ್ನು ಹೇಳಲೇಬೇಕು.

ಅಳಿಯ ಹತ್ತಿರ ಬಂದ. ಮುಖ ಕೆಳಗೆ ಹಾಕಿ, ಬ್ಯಾಟಿನ ಹಿಡಿಯ ದಾರ ಸರಿಮಾಡುವವನ ಹಾಗೆ ಬಗ್ಗಿ, ಕನ್ನಡದಲ್ಲಿ ಹೇಳಿದ. ನಿಮಗೂ ಕೇಳಿಸಿತು.

“ಮಾವಾ, ಗಾಳಿ ಅಂದ್ಬುಡು. ಗಾಳಿಗೆ ತಿರುಗ್ತು ಅನ್ನು. ಅವ್ನಿಗೂ ಸರಿಯಾಗ್ ಗೊತ್ತಿಲ್ಲ.”

ಎದುರಾಳಿಗಳು ಮೂರು ಮಾರು ದೂರದಲ್ಲೇ ಇದ್ದಾರೆ. ಒಬ್ಬನಿಗೂ ತಿಳಿಯಲಿಲ್ಲ. ಅವರಿಗೆ ಅದು ಯಾರೋ ಏನೋ ಗೊಣಗಿದ ಹಾಗೆ.

ಅಂಪೈರ್ ಮಾವ ಮೊದಲು ಇನ್ನೊಬ್ಬ ಅಂಪೈರನ್ನು ಕರೆದರು. ಅದು ಕ್ರಮ. ಅವರು ಓಮಲೂರಿನವರು, ಸ್ಕ್ವೇರ್ ಲೆಗ್ಗಿನಲ್ಲಿದ್ದವರು, ನಡೆದು ಬಂದರು. ಬಂದು ತಲೆ ಅಲ್ಲಾಡಿಸಿದರು. ಅಲ್ಲಿಂದ ಬೆರಳು ಕಾಣುವುದಿಲ್ಲ, ಬೌಲರಿನ ಬೆನ್ನು ಅಡ್ಡ. ತಮ್ಮ ಟೀಮಿಗೆ ಗೆಲುವು ಸಿಗುವ ಮಾತನ್ನು ಅವರು ಸುಲಭವಾಗಿ ಹೇಳಬಹುದಿತ್ತು, ಹೇಳಲಿಲ್ಲ. ಕಾಣಲಿಲ್ಲ ಎಂದಷ್ಟೇ ಹೇಳಿ ವಾಪಸ್ ಹೋದರು. ಈ ದಿನ ಆ ಮೈದಾನದಲ್ಲಿ ನೆಟ್ಟಗೆ ನಿಂತವರು ಒಬ್ಬರೇ ಅಲ್ಲ ಎಂಬುದನ್ನು ಆಮೇಲೆ ಯಾರೂ ನೆನೆಸಿಕೊಳ್ಳಲಿಲ್ಲ.

ಈಗ ಎಲ್ಲವೂ ಒಬ್ಬರ ತಲೆಯ ಮೇಲೆ. ಅವರ ತಲೆಯೊಳಗೆ ಏನು ನಡೆಯುತ್ತಿದೆ?

ಸಂಶಯವಿದ್ದರೆ ಅದರ ಲಾಭ ಬ್ಯಾಟ್ಸ್‌ಮನ್ನನಿಗೆ. ಕ್ರಿಕೆಟ್ಟಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಎಲ್ಲರೂ ದುರುಪಯೋಗ ಮಾಡಿರುವ ಮಾತು. ಯಾರಾದರೂ ನಾಳೆ ಕೇಳಿದರೆ ಅಂಪೈರ್ ಮಾವ ‘ನನಗೆ ಸಂಶಯವಿತ್ತು’ ಎನ್ನಬಹುದು. ಇನ್ನೊಬ್ಬ ಅಂಪೈರಿಗೆ ಕಾಣಲಿಲ್ಲ. ಕ್ಯಾಮೆರಾ ಇಲ್ಲ. ಬೌಲರ್ ಹುಡುಗ ತಾಕಿತು ಎಂದರೂ ಅವನು ಆಚೆಯವನು, ಅವನ ಮಾತು ಯಾರು ಕೇಳುತ್ತಾರೆ? ಇಡೀ ಸೇಲಂ ಜಿಲ್ಲೆಯಲ್ಲಿ ಒಬ್ಬನೂ ಇವರನ್ನು ಸುಳ್ಳುಗಾರ ಎನ್ನಲಾರ.

ಆದರೆ ಸಂಶಯ ಬೇಕಲ್ಲ. ಇಲ್ಲದ್ದನ್ನು ಎಲ್ಲಿಂದ ತರುವುದು? ಅವರು ಹುಡುಕಿದರು. ಗಾಳಿಯನ್ನೇ ಹಿಡಿದು ನೋಡಿದರು. ಟೆನಿಸ್ ಚೆಂಡು ಆಡಿಯ ಗಾಳಿಗೆ ತಿರುಗುವುದು ನಿಜ. ಇವತ್ತೇ ಎರಡು ಕ್ಯಾಚುಗಳು ಗಾಳಿಗೆ ಓಡಿಹೋಗಿ ಬಿದ್ದಿವೆ. ಅಳಿಯ ಹೇಳಿದ್ದು ಹುಡುಗಾಟದ ಮಾತಲ್ಲ, ಒಳ್ಳೆಯ ವಾದವೇ. ಗಾಳಿ ಎಡಗೆನ್ನೆಗೆ ಬಡಿಯುತ್ತಿತ್ತು. ಅಲ್ಲಿಗೇ ವಾದ ಮುಗಿಯಿತು. ಗಾಳಿ ಎಡದಿಂದ ಬಲಕ್ಕೆ ಬೀಸುತ್ತಿದೆ. ಗಾಳಿಯ ಕೈಗೆ ಸಿಕ್ಕಿದ್ದರೆ ಚೆಂಡು ಇನ್ನೂ ಬಲಕ್ಕೆ ಹೋಗಬೇಕಿತ್ತು, ಮೊಣಕಾಲನ್ನೂ ದಾಟಿ ಹೊರಗೆ. ಅದು ಎಡಕ್ಕೆ ಬಂತು, ಗಾಳಿಗೆ ಎದುರಾಗಿ, ಮೊಣಕಾಲಿಂದ ನಡು ಸ್ಟಂಪಿಗೆ. ಬಲಗಡೆಯಿಂದ ಏನೋ ಅದನ್ನು ತಳ್ಳಿದೆ. ಬಲಗಡೆ ಇದ್ದದ್ದು ಆ ಹುಡುಗನ ಎಡಗೈ.

ನೆಲದ ಉಬ್ಬು ತಗ್ಗಿಗೆ ಬಿದ್ದು ತಿರುಗಿರಬಹುದಲ್ಲ? ಚೆಂಡು ನೆಲ ಮುಟ್ಟಲೇ ಇಲ್ಲ, ಮುಟ್ಟಿದ್ದರೆ ಈ ಕೆಂಪು ಧೂಳು ಒಂದು ಹಿಡಿಯಾದರೂ ಏಳುತ್ತಿತ್ತು. ಹೊಡೆದಾಗಲೇ ಅದು ಸ್ಟಂಪಿಗೆ ನೇರವಾಗಿದ್ದು ನಾನೇ ತಪ್ಪಾಗಿ ಕಂಡೆನೋ? ಹಾಗಾದರೆ ಕಾಲೇಕೆ ಎದ್ದಿತು? ಕಣ್ಣಿಗೆ ಮೋಸ ಮಾಡಬಹುದು, ನಲವತ್ತು ವರ್ಷ ಟೆನಿಸ್ ಚೆಂಡಿನ ಏಟು ತಿಂದ ಮೊಣಕಾಲಿಗೆ ಆಗದು. ಅದು ಹೊಡೆತಕ್ಕೆ ಸಿದ್ಧವಾಗಿತ್ತು. ಹೊಡೆತ ಬರಲಿಲ್ಲ.

ಇದಕ್ಕೆ ಎಷ್ಟು ಹೊತ್ತು ಹಿಡಿಯಿತು ಎನ್ನುತ್ತೀರಿ? ಇನ್ನೊಬ್ಬ ಅಂಪೈರ್ ತಮ್ಮ ಜಾಗಕ್ಕೆ ಹೋಗಿ ನಿಲ್ಲುವಷ್ಟು.

ಅಳಿಯ ಇನ್ನೂ ಬಗ್ಗಿಯೇ ಇದ್ದ. “ಮಾವಾ.”

ಅಂಪೈರ್ ಮಾವ ಅವನಿಗೆ ಕನ್ನಡದಲ್ಲಿ ಉತ್ತರ ಕೊಡಲಿಲ್ಲ. ಎಲ್ಲರಿಗೂ ಕೇಳುವಷ್ಟು ಜೋರಾಗಿ, ಎರಡೂ ಟೀಮಿಗೂ ತಿಳಿಯುವ ಹಾಗೆ ತಮಿಳಿನಲ್ಲಿ ಹೇಳಿದರು: “ಕೈಲ ಪಟ್ಟುಚ್ಚು. ಔಟ್.” ಬಲಗೈ ತೋರುಬೆರಳು ತಲೆಗಿಂತ ಮೇಲೆ ಹೋಯಿತು. ಅಕ್ಕನ ಮಗ ಆಡಿದ ಗುಟ್ಟಿನ ಮಾತಿಗೆ ಮೈದಾನದ ನಡುವೆ ಉತ್ತರ ಬಂತು.

ಅಳಿಯನ ಮುಖ ನೋಡಬೇಡಿ, ಅದು ನೋಡುವಂಥದ್ದಲ್ಲ. ಕ್ಯಾಪ್ಟನ್ ಓಡಿಬಂದ, ಅವನ ಹಿಂದೆ ಏರಿಯಿಂದ ಇಳಿದವರು ಹತ್ತು ಹದಿನೈದು ಜನ. ಹಗ್ಗ ನೆಲಕ್ಕೆ ಬಿತ್ತು. “ಯಾವ ಊರಿನ ಅನ್ನ ತಿಂತೀಯಾ ನೀನು?” ಎಂದು ಯಾರೋ ಕೇಳಿದರು. ಇನ್ನೊಬ್ಬರು ವಯಸ್ಸಾದವರು, ಬಹುವಚನ ಬಿಡಲಿಲ್ಲ, ಅದರಿಂದಲೇ ಹೆಚ್ಚು ಚುಚ್ಚಿತು: “ನೀವೇ ಹಿಂಗ್ ಮಾಡಿದ್ರೆ ಹೊರಗಿನವರನ್ನ ಏನ್ ಕೇಳೋದು?” ಅಂಪೈರ್ ಮಾವ ಯಾರಿಗೂ ವಿವರಿಸಲಿಲ್ಲ. ಗಾಳಿ, ಮೊಣಕಾಲು, ಗೇಣು ಯಾವುದನ್ನೂ ಬಾಯಿಗೆ ತರಲಿಲ್ಲ. ಗುಂಪಿನ ನಡುವೆ ನಿಂತು ಕಾರಣ ಹೇಳುವ ಅಂಪೈರ್ ಮೊದಲು ವಾದಕ್ಕಿಳಿಯುತ್ತಾನೆ, ಆಮೇಲೆ ಚೌಕಾಸಿಗೆ. ಅವರು ಹೇಳಿದ್ದು ಒಂದೇ ಮಾತು: ಒಂದು ಚೆಂಡು ಬಾಕಿ ಇದೆ, ಜಾಗ ಬಿಡಿ. ಐದನೆಯ ಬೀಜ ಬಲಜೇಬಿಗೆ ಹೋಯಿತು.

ಇಲ್ಲಿಗೆ ಕಷ್ಟ ಮುಗಿಯಿತು ಎಂದುಕೊಂಡಿರಾ? ಅಂಪೈರಿಂಗ್ ಮಾಡಿದವರನ್ನು ಕೇಳಿ, ಅಸಲು ಕಷ್ಟ ಮುಂದಿನ ಚೆಂಡಿನದು ಎನ್ನುತ್ತಾರೆ. ಒಂದು ಕಡೆಗೆ ಗಟ್ಟಿಯಾಗಿ ಕೊಟ್ಟ ಮೇಲೆ ಕೈ ತಾನಾಗಿ ಇನ್ನೊಂದು ಕಡೆಗೆ ವಾಲುತ್ತದೆ. ಅಲ್ಲಿ ಕಿತ್ತುಕೊಂಡದ್ದನ್ನು ಇಲ್ಲಿ ಸ್ವಲ್ಪ ಕೊಟ್ಟು ಸರಿದೂಗಿಸೋಣ ಎಂಬ ಆಸೆ. ಅದು ದಯೆಯ ಹಾಗೆ ಕಾಣುತ್ತದೆ, ನಿಜವಾಗಿ ಹೆದರಿಕೆ. ಅದರ ಇನ್ನೊಂದು ರೂಪವೂ ಇದೆ: ವಾಲಿದನೆಂದು ಜನ ಅಂದುಕೊಂಡಾರು ಎಂದು ನ್ಯಾಯವಾಗಿ ಕೊಡಬೇಕಾದ್ದನ್ನೂ ಕೊಡದಿರುವುದು.

ಕೊನೆಯ ಚೆಂಡು. ಒಂದು ಚೆಂಡಿಗೆ ಮೂರು ರನ್. ಬ್ಯಾಟಿಗೆ ಮತ್ತೆ ಅದೇ ಒಂಬತ್ತನೆಯವನು. ರನ್ ಔಟ್ ಆದದ್ದು ಈ ತುದಿಯವನು, ಬ್ಯಾಟ್ಸ್‌ಮನ್ನರು ಒಬ್ಬರನ್ನೊಬ್ಬರು ದಾಟಿರಲಿಲ್ಲ, ಆದ್ದರಿಂದ ಹೊಸಬ ಈ ಕಡೆಗೆ ಬಂದು ನಿಂತ. ಬೌಲರ್ ಓಡಿಬಂದ. ಈ ಸಲ ಅವನ ಕೈಯೂ ನಡುಗಿತ್ತೇನೋ, ಚೆಂಡು ಹೊರಕ್ಕೆ ಹೋಯಿತು. ಒಂಬತ್ತನೆಯವನು ಇಡೀ ಮೈ ಎಸೆದು ಬೀಸಿದ, ಸಿಗಲಿಲ್ಲ. ಚೆಂಡು ಸುಣ್ಣದ ವೈಡ್ ಗೆರೆಯ ಆಚೆಗೆ ನಾಲ್ಕು ಬೆರಳು ಬಿಟ್ಟು ಹೋಗಿ ಕೀಪರಿನ ಕೈ ಸೇರಿತು. ಓಮಲೂರಿನವರು ಗೆದ್ದೆವೆಂದು ಹಾರಿದರು.

ಅಂಪೈರ್ ಮಾವ ಎರಡೂ ಕೈ ಅಡ್ಡಕ್ಕೆ ಚಾಚಿದರು. ವೈಡ್.

ಈಗ ಓಮಲೂರಿನವರ ಸರದಿ. ಕ್ಯಾಪ್ಟನ್ ಓಡಿಬಂದು ತಮಿಳಿನಲ್ಲಿ ಕೂಗಾಡಿದ: ಊರವರ ಬೈಗುಳಕ್ಕೆ ಹೆದರಿ ಕೊಡುತ್ತಿದ್ದೀರಾ? ನಮ್ಮವರು ಏರಿಯ ಮೇಲೆ ಶಿಳ್ಳೆ ಹಾಕಿದರು, ಅದು ಇವನ ಅನುಮಾನಕ್ಕೆ ಇನ್ನಷ್ಟು ಎಣ್ಣೆ. ಅಂಪೈರ್ ಮಾವ ಆ ಗೆರೆಯತ್ತ ಬೆರಳು ತೋರಿಸಿದರು. ಬೆಳಗ್ಗೆ ಇಬ್ಬರು ಕ್ಯಾಪ್ಟನ್‌ಗಳೂ ನಿಂತು ಅಳತೆ ಮಾಡಿ ಸುಣ್ಣ ಎಳೆಸಿದ ಗೆರೆ. ಬೀಜ ಜೇಬು ಬದಲಾಯಿಸಲಿಲ್ಲ. ಒಂದು ಚೆಂಡಿಗೆ ಎರಡು ರನ್.

ಹತ್ತು ನಿಮಿಷದಲ್ಲಿ ಎರಡೂ ಊರಿನ ವೈರ ಕಟ್ಟಿಕೊಂಡ ಮನುಷ್ಯನ ಬೆನ್ನು ನಿಮ್ಮ ಮುಂದಿದೆ. ಅಂಗಿ ಬೆವರಿಗೆ ಅಂಟಿದೆ. ಎಡಜೇಬಿನಲ್ಲಿ ಒಂದು ಹುಣಸೆ ಬೀಜ.

ಹುಡುಗ ಈ ಸಲ ತನಗೆ ಬೇಕಾದದ್ದನ್ನೇ ಹಾಕಿದ. ಚೆಂಡು ಬ್ಯಾಟು ಇಳಿಯುವ ಮೊದಲೇ ಅದರ ಅಡಿಯಲ್ಲಿ ನುಗ್ಗಿ, ಕಾಲಬುಡದ ಪಕ್ಕದಲ್ಲೇ ನುಸುಳಿ, ಲೆಗ್ ಸ್ಟಂಪನ್ನು ಕೆಡವಿತು. ಇದಕ್ಕೆ ಯಾರೂ ಅಂಪೈರನ್ನು ಕೇಳಬೇಕಾಗಲಿಲ್ಲ. ಅವರ ಮುಖದ ಮೇಲೆ ಮೊದಲ ಸಲ ಒಂದು ನೆಮ್ಮದಿ ಕಂಡಿತು, ಊರು ಸೋತ ಗಳಿಗೆಯಲ್ಲಿ. ಅದನ್ನೂ ಯಾರೋ ನೋಡಿದರು. ಆಮೇಲೆ ಅದೂ ಅವರ ಮೇಲಿನ ಆಪಾದನೆಗಳ ಪಟ್ಟಿ ಸೇರಿತು.

ಉಳಿದದ್ದು ಬೇಗ ಮುಗಿಯಿತು. ಟಗರನ್ನು ಟೆಂಪೋದ ಹಿಂಬದಿಗೆ ಎತ್ತಿ ಹಾಕಿದರು, ಅದು ಓಮಲೂರಿನ ದಾರಿ ಹಿಡಿಯಿತು. ಕಪ್ಪು ಕೊಟ್ಟ ಊರ ದೊಡ್ಡವರು ಮುಂದಿನ ವರ್ಷ ಏನೇ ಆಗಲಿ ಹೊರಗಿನಿಂದಲೇ ಅಂಪೈರುಗಳನ್ನು ತರಿಸುತ್ತೇವೆ ಎಂದು ಮೈಕಿನಲ್ಲಿ ಘೋಷಿಸಿದರು. ಅದನ್ನು ಅವರು ಬೈಗುಳವಾಗಿ ಹೇಳಿದರು. ಅಂಪೈರ್ ಮಾವನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇರಲಿಲ್ಲ.

ರಾತ್ರಿ ಅಕ್ಕನ ಮನೆಯಿಂದ ಬರುವ ಭಾನುವಾರದ ಕುಳಂಬು ಬರಲಿಲ್ಲ. ಅವರ ಹೆಂಡತಿ ಒಲೆಯ ಮುಂದೆ ಕೂತು ಕೇಳಿದಳು: “ನಿಜವಾಗ್ಲೂ ತಾಕ್ತಾ?”

“ತಾಕ್ತು.”

“ಸರಿ ಬಿಡಿ” ಎಂದು ರಸಕ್ಕೆ ಒಗ್ಗರಣೆ ಹಾಕಿದಳು. ಮದುವೆಯ ಮಾತು ಹಜಾರದಲ್ಲಿ ಇನ್ನೊಂದು ದೀಪಾವಳಿ ಕಾಯಬೇಕಾದೀತು ಎಂದು ಇಬ್ಬರಿಗೂ ಗೊತ್ತಿತ್ತು.

ಸ್ಕೋರ್ ಪುಸ್ತಕಕ್ಕೆ ಅಂದು ಸಂಜೆಯೇ ಇಬ್ಬರು ಅಂಪೈರುಗಳೂ ಸಹಿ ಹಾಕಿದ್ದರು. ಓಮಲೂರು 97, ನಂಗವಳ್ಳಿ 96. ಅಳಿಯನ ಹೆಸರಿನ ಮುಂದೆ ರನ್ ಔಟ್, 47. ರನ್ ಔಟ್ ಬೌಲರಿನ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ಆಟವನ್ನು ತಿರುಗಿಸಿದ ಆ ಬೆರಳಿಗೆ ಪುಸ್ತಕದಲ್ಲಿ ವಿಕೆಟ್ಟೂ ಸಿಕ್ಕಿಲ್ಲ.

ನೀವು ಮುಂದೆಂದಾದರೂ ಆ ಕಡೆ ಹೋದರೆ, ಟೀ ಅಂಗಡಿಯಲ್ಲಿ ಯಾರಾದರೂ ಈ ಕಥೆ ತೆಗೆದೇ ತೆಗೆಯುತ್ತಾರೆ. ಬೆರಳಿಗೆ ತಾಕಲೇ ಇಲ್ಲ, ಆಡಿಯ ಗಾಳಿಗೆ ಚೆಂಡು ತಿರುಗಿತು, ಸ್ವಂತ ಅಳಿಯನನ್ನೇ ಮುಳುಗಿಸಿದ ಎನ್ನುತ್ತಾರೆ. ನೀವು ಅಲ್ಲಿ ನಿಂತು ನೋಡಿದವರು. ಜಗಳ ಬೇಡ. ಆ ದಿನ ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ಮಾತ್ರ ಕೇಳಿ.